ಟೆರೇಸಿನಿಂದ ತೆಗೆದ ಪೇಟೆ ಫೋಟೋವನ್ನು ಆಟಿಕೆ ಊರು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ಸು, ಆಟೋ, ಅಂಗಡಿ, ಜನ ಎಲ್ಲ ಮೇಜಿನ ಮೇಲೆ ಜೋಡಿಸಿಟ್ಟ ಗೊಂಬೆಗಳ ಹಾಗೆ ಕಾಣುವ ಫೋಟೋಗಳನ್ನು ನೋಡಿರುತ್ತೀರಿ. ಇದಕ್ಕೆ ಟಿಲ್ಟ್-ಶಿಫ್ಟ್ ಮಿನಿಯೇಚರ್ ಎನ್ನುತ್ತಾರೆ. ಇಲ್ಲಿ ಉದಾಹರಣೆಗೆ ಒಂದೇ ಫೋಟೋ ಇಟ್ಟುಕೊಂಡಿದ್ದೇನೆ. ಕಾಸರಗೋಡು ಹೊಸ ಬಸ್ ನಿಲ್ದಾಣದ ಹತ್ತಿರ ಐದು ಮಾಳಿಗೆಯ ಕಟ್ಟಡದ ಟೆರೇಸಿನಿಂದ ಕೆಳಗಿನ ರಸ್ತೆಯನ್ನು ಮೊಬೈಲಿನಲ್ಲಿ 2x ಇಟ್ಟು ತೆಗೆದದ್ದು, ಅಳತೆ 4000 × 3000 ಪಿಕ್ಸೆಲ್. ಸಾಫ್ಟ್‌ವೇರ್ ಗಿಂಪ್, ಅದು ಉಚಿತ. ಫೋನಿನಲ್ಲೇ ಮಾಡುವವರಿಗೆ ಕೊನೆಯ ಹತ್ತಿರ ಒಂದು ಪ್ರಶ್ನೆ ಉಂಟು.

ಸ್ವಲ್ಪ ಮಸುಕು ಮಾಡಿದ ಕೂಡಲೇ ಇಡೀ ಪೇಟೆ ಸಣ್ಣದಾಗಿ ಕಾಣುವುದು ಯಾಕೆ?

ಕಣ್ಣಿಗೆ ಒಂದು ಅಭ್ಯಾಸ ಇದೆ. ತೀರಾ ಹತ್ತಿರದ ಸಣ್ಣ ವಸ್ತುವಿನ ಫೋಟೋ ತೆಗೆದರೆ ಅದರ ಒಂದು ಪಟ್ಟಿ ಮಾತ್ರ ಸ್ಪಷ್ಟ ಇರುತ್ತದೆ, ಮುಂದಿನದು ಹಿಂದಿನದು ಎಲ್ಲ ಕರಗಿ ಹೋಗಿರುತ್ತದೆ. ದೂರದ ದೊಡ್ಡ ದೃಶ್ಯದಲ್ಲಿ ಹಾಗಾಗುವುದೇ ಇಲ್ಲ, ಎಲ್ಲವೂ ಸ್ಪಷ್ಟ. ಹಾಗಾಗಿ ದೂರದ ದೃಶ್ಯಕ್ಕೆ ಹತ್ತಿರದ ಮಸುಕು ಕೊಟ್ಟರೆ ಮೆದುಳು ದೂರವನ್ನೇ ತಪ್ಪಾಗಿ ಅಳೆಯುತ್ತದೆ, ದೂರ ತಪ್ಪಿದ ಮೇಲೆ ಗಾತ್ರವೂ ತಪ್ಪುತ್ತದೆ.

ಲೆಕ್ಕ ಬೇಕಾದರೆ ಹೀಗೆ ನೋಡಿ. 50ರಲ್ಲಿ ಒಂದು ಪಾಲು ಗಾತ್ರದ ಮಾದರಿ ಊರೊಂದನ್ನು 70 ಸೆಂಟಿಮೀಟರ್ ದೂರದಿಂದ 50 ಮಿ.ಮೀ. ಲೆನ್ಸಿನಲ್ಲಿ f/2.8 ಇಟ್ಟು ತೆಗೆದಿರಿ ಅಂತ ಇಟ್ಟುಕೊಳ್ಳಿ. ಆಗ ಲೆನ್ಸಿನ ಬಾಯಿ ಸುಮಾರು 18 ಮಿ.ಮೀ. ತೆರೆದಿರುತ್ತದೆ. ಅದೇ ಮಸುಕು 35 ಮೀಟರ್ ದೂರದ ನಿಜವಾದ ರಸ್ತೆಯಲ್ಲಿ ಬರಬೇಕಾದರೆ ಬಾಯಿಯೂ 50 ಪಟ್ಟು ಆಗಬೇಕು, ಅಂದರೆ 90 ಸೆಂಟಿಮೀಟರ್. ಅಂಥ ಲೆನ್ಸು ಯಾರ ಹತ್ತಿರವೂ ಇಲ್ಲ, ಅದಕ್ಕೇ ಕಂಪ್ಯೂಟರಿನಲ್ಲಿ ಮಾಡುವುದು.

ನಿಜವಾದ ಟಿಲ್ಟ್-ಶಿಫ್ಟ್ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದಲ್ವಾ?

ಇದಕ್ಕೇ ಅಂತ ಕೊಳ್ಳುವುದು ಬೇಡ. ಅದು ಬೆಲೆ ಜಾಸ್ತಿಯ ಲೆನ್ಸು, ಮತ್ತು ಅದರ ಮುಖ್ಯ ಕೆಲಸ ಕಟ್ಟಡದ ಗೆರೆಗಳನ್ನು ನೆಟ್ಟಗೆ ಇಡುವುದು, ಇಡೀ ನೆಲವನ್ನು ಒಂದೇ ಫೋಕಸಿಗೆ ತರುವುದು. ಉಲ್ಟಾ ದಿಕ್ಕಿಗೆ ವಾಲಿಸಿದರೆ ಆಟಿಕೆ ಊರೂ ಬರುತ್ತದೆ. ಆದರೆ ಅಲ್ಲಿ ಎತ್ತರದ ಕಟ್ಟಡದ ತುದಿ ಮಸುಕಾದರೆ ಸರಿಪಡಿಸಲು ಆಗುವುದಿಲ್ಲ, ಕಂಪ್ಯೂಟರಿನಲ್ಲಿ ಆಗುತ್ತದೆ. ಈ ಪುಟದ ಹೆಚ್ಚಿನ ಮಾತು ಅದರ ಬಗ್ಗೆಯೇ.

ಯಾವ ಫೋಟೋ ಆದೀತು, ಯಾವುದು ಆಗದು?

ಮೇಲಿನಿಂದ ಓರೆಯಾಗಿ ಕೆಳಗೆ ನೋಡುವ ಫೋಟೋ ಬೇಕು. ಐದು ಮಾಳಿಗೆ ಅಂದರೆ ಸುಮಾರು 17 ಮೀಟರ್ ಎತ್ತರ. ಅಲ್ಲಿಂದ 30 ಮೀಟರ್ ಆಚೆಗಿನ ರಸ್ತೆಯನ್ನು ನೋಡಿದರೆ ಕ್ಯಾಮೆರಾ ಸುಮಾರು 30 ಡಿಗ್ರಿ ಬಗ್ಗಿರುತ್ತದೆ, ಇದು ಚೆನ್ನಾಗಿ ಹೊಂದುತ್ತದೆ. ಎರಡನೇ ಮಾಳಿಗೆಯ ಬಾಲ್ಕನಿ ಸಾಲುವುದಿಲ್ಲ, ನೆಲ ಕಾಣುವುದೇ ಕಡಿಮೆ. ನೇರ ಕೆಳಗೆ ನೋಡಿದರೂ ಪ್ರಯೋಜನ ಇಲ್ಲ. ಆಗ ಚಿತ್ರದ ಎಲ್ಲ ಭಾಗವೂ ಒಂದೇ ದೂರದಲ್ಲಿ ಇರುತ್ತದೆ, ಮಸುಕು ಏರಲು ಇಳಿಯಲು ಕಾರಣವೇ ಇರುವುದಿಲ್ಲ.

ಆಕಾಶ ಮತ್ತು ದೂರದ ಸಮುದ್ರ ಚೌಕಟ್ಟಿನಿಂದ ಹೊರಗಿರಲಿ. ನಮ್ಮ ಕಡೆ ಪಶ್ಚಿಮಕ್ಕೆ ತಿರುಗಿದರೆ ರೈಲ್ವೆ ಹಳಿ, ಅದರಾಚೆ ತೆಂಗಿನ ತೋಟ, ಕೊನೆಗೆ ಸಮುದ್ರದ ಗೆರೆ. ನೋಡಲು ಚಂದ ನಿಜ, ಆದರೆ ಆ ಗೆರೆ ಕಂಡ ತಕ್ಷಣ ಇದು ನಿಜವಾದ ದೊಡ್ಡ ಜಾಗ ಅಂತ ಗೊತ್ತಾಗಿಬಿಡುತ್ತದೆ. 2x ಝೂಮ್ ಹೇಳಿದ್ದು ಅದಕ್ಕೇ, ಆಕಾಶ ತಾನಾಗಿ ಹೊರಗೆ ಉಳಿಯುತ್ತದೆ. 0.5x ಬೇಡ, ಅಂಚಿನ ಕಟ್ಟಡಗಳು ಎಳೆದ ಹಾಗೆ ಆಗುತ್ತವೆ.

ಬೆಳಕು ಗಟ್ಟಿ ಬಿಸಿಲಿನದ್ದಾಗಿರಲಿ, ಸೂರ್ಯ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ. ನೆರಳಿಗೆ ಚೂಪಾದ ಅಂಚು ಬಂದರೆ ಮೇಜಿನ ದೀಪದ ಕೆಳಗೆ ಇಟ್ಟ ಹಾಗೆ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡದ ಬೆಳಕು ಚಪ್ಪಟೆ, ಆದರೆ ಮಳೆ ನಿಂತು ಬಿಸಿಲು ಬಿದ್ದ ಆ ಅರ್ಧ ಗಂಟೆಯಲ್ಲಿ ಗಾಳಿ ತೊಳೆದಷ್ಟು ಸ್ವಚ್ಛ, ರಸ್ತೆಯಲ್ಲಿ ಬಣ್ಣಬಣ್ಣದ ಕೊಡೆಗಳೂ ಇರುತ್ತವೆ. ಅದನ್ನು ಬಿಡಬೇಡಿ. ಚಳಿಗಾಲದ ಬೆಳಿಗ್ಗೆಯ ಮಂಜು ಮಾತ್ರ ಬೇಡ, ದೂರದ್ದು ಬಿಳಿಚಿಕೊಂಡರೆ ಅದೇ ದೊಡ್ಡ ಜಾಗದ ಗುರುತು.

ಇನ್ನೊಂದು ಮಾತು. ಇಲ್ಲಿ ಅರ್ಧಕ್ಕರ್ಧ ಟೆರೇಸಿಗೆ ಮಳೆಗೆ ಅಂತ ಶೀಟು ಹಾಕಿರುತ್ತಾರೆ. ಶೀಟಿನ ಅಂಚು ಮೇಲೆ ಬರದ ಹಾಗೆ ನೋಡಿಕೊಳ್ಳಿ. ಹತ್ತುವ ಮೊದಲು ಕಟ್ಟಡದವರನ್ನು ಕೇಳಿ.

ಮೇಲೊಂದು ಮಸುಕು ಲೇಯರ್, ಕೆಳಗೊಂದು ಸ್ಪಷ್ಟ ಲೇಯರ್, ನಡುವೆ ಗ್ರೇಡಿಯಂಟ್ ಮಾಸ್ಕ್. ಎಲ್ಲ ಕಡೆ ಇದನ್ನೇ ಹೇಳುತ್ತಾರಲ್ಲ, ಸಾಲದಾ?

ಸಾಲುವುದಿಲ್ಲ. ಯಾಕೆ ಅಂತ ಫೋಟೋ ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಮಾಸ್ಕ್ ಅರ್ಧ ಬೂದು ಇರುವ ಜಾಗದಲ್ಲಿ ನಿಮಗೆ ಸಿಗುವುದು ಅರ್ಧದಷ್ಟು ಮಸುಕು ಅಲ್ಲ. ಪೂರ್ತಿ ಸ್ಪಷ್ಟ ಚಿತ್ರದ ಮೇಲೆ ಪೂರ್ತಿ ಮಸುಕು ಚಿತ್ರವನ್ನು ತೆಳುವಾಗಿ ಹಾಸಿದ ಹಾಗೆ. ಅಂಗಡಿ ಬೋರ್ಡಿನ ಅಕ್ಷರ ಚೂಪಾಗಿಯೇ ಓದಲು ಬರುತ್ತದೆ, ಸುತ್ತ ಮಾತ್ರ ಒಂದು ಹೊಗೆ. ಯಾವ ಲೆನ್ಸೂ ಹಾಗೆ ಮಾಡುವುದಿಲ್ಲ.

ಬೇಕಾದ್ದು ಮಸುಕಿನ ಅಳತೆಯೇ ನಿಧಾನಕ್ಕೆ ಬದಲಾಗುವುದು. ಫೋಕಸ್ ಗೆರೆಯಲ್ಲಿ ಸೊನ್ನೆ, ಸ್ವಲ್ಪ ಮೇಲೆ 5 ಪಿಕ್ಸೆಲ್, ಇನ್ನೂ ಮೇಲೆ 15, ತುದಿಯಲ್ಲಿ 30, ಹೀಗೆ. ಗಿಂಪ್ 2.10.20ರಿಂದ, ಅಂದರೆ 2020ರಿಂದ, ಇದಕ್ಕೆ ಬೇಕಾದ ಫಿಲ್ಟರ್‌ಗಳು ಬಂದಿವೆ. Variable Blur ಮತ್ತು Lens Blur ಎರಡೂ ಇನ್ನೊಂದು ಲೇಯರನ್ನು ನಕ್ಷೆಯ ಹಾಗೆ ಓದಿಕೊಂಡು, ಕಪ್ಪಿದ್ದಲ್ಲಿ ಮುಟ್ಟದೆ, ಬಿಳಿ ಇದ್ದಲ್ಲಿ ಪೂರ್ತಿ, ಬೂದು ಇದ್ದಲ್ಲಿ ಅಷ್ಟಕ್ಕೆ ತಕ್ಕಷ್ಟು ಮಸುಕು ಮಾಡುತ್ತವೆ. Focus Blur ಅಂತ ಮೂರನೆಯದು ಉಂಟು, ಅದರಲ್ಲಿ ಗೆರೆಗಳನ್ನು ಚಿತ್ರದ ಮೇಲೆಯೇ ಎಳೆದು ಹೊಂದಿಸಬಹುದು. ಸುಮ್ನೆ ಒಂದು ಸಲ ನೋಡಲು ಅದು ಸಾಕು, ಆದರೆ ನಕ್ಷೆಯನ್ನು ತಿದ್ದಲು ಅದರಲ್ಲಿ ದಾರಿ ಇಲ್ಲ. ನಾವು Lens Blur ಬಳಸೋಣ. Variable Blur ಗೌಸಿಯನ್ ಮಸುಕು ಕೊಡುತ್ತದೆ, ಅದು ಮಂಜಿನ ಹಾಗೆ. Lens Blurನಲ್ಲಿ ಬಿಸಿಲಿಗೆ ಹೊಳೆಯುವ ಕಾರಿನ ಗಾಜು ನಿಜವಾದ ಲೆನ್ಸಿನ ಹಾಗೆ ದುಂಡಗೆ ಅರಳುತ್ತದೆ.

ಗ್ರೇಡಿಯಂಟ್ ಎಲ್ಲಿಂದ ಎಲ್ಲಿಗೆ ಎಳೆಯಬೇಕು? ಎಷ್ಟು ಭಾಗ ಸ್ಪಷ್ಟ ಬಿಡಬೇಕು?

ಹೆಚ್ಚಿನವರು ನಡುವೆ ಅಗಲವಾದ ಸ್ಪಷ್ಟ ಪಟ್ಟಿ ಬಿಟ್ಟು, ಆಮೇಲೆ ಗಬಕ್ಕನೆ ಮಸುಕಿಗೆ ಇಳಿಸುತ್ತಾರೆ. ಅದು ಫಿಲ್ಟರ್ ಹಾಕಿದ್ದು ಅಂತ ದೂರದಿಂದಲೇ ಕಾಣುತ್ತದೆ.

ಸರಿಯಾದ ಆಕಾರ ಅದಕ್ಕಿಂತ ಸುಲಭ. ಲೆನ್ಸಿನಲ್ಲಿ ಒಂದು ಬಿಂದು ಎಷ್ಟು ಮಸುಕಾಗುತ್ತದೆ ಎನ್ನುವುದು ಅದರ ದೂರದ ವಿಲೋಮಕ್ಕೂ ಫೋಕಸ್ ದೂರದ ವಿಲೋಮಕ್ಕೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ವಿಲೋಮ ಅಂದರೆ ಒಂದನ್ನು ಆ ದೂರದಿಂದ ಭಾಗಿಸಿದ್ದು. ಚಪ್ಪಟೆ ನೆಲದ ಫೋಟೋದಲ್ಲಿ ಈ ವಿಲೋಮ ಚಿತ್ರದ ಕೆಳಗಿನಿಂದ ಮೇಲಕ್ಕೆ ಒಂದೇ ಸಮ ಕಡಿಮೆಯಾಗುತ್ತಾ ಹೋಗುತ್ತದೆ, ನೇರ ಗೆರೆಯಲ್ಲಿ. ಹಾಗಾಗಿ ಮಸುಕೂ ಫೋಕಸ್ ಗೆರೆಯಿಂದ ಎರಡೂ ಕಡೆಗೆ ಒಂದೇ ಸಮ ಏರಬೇಕು. ಮೇಲೆ ಕೆಳಗೆ ಒಂದೇ ಇಳಿಜಾರು, ನಡುವೆ ಸಪಾಟು ಪಟ್ಟಿ ಇಲ್ಲವೇ ಇಲ್ಲ. ದೂರದ ಕಡೆ ಬೇಗ ಏರಿಸಬೇಕು, ಹತ್ತಿರದ ಕಡೆ ನಿಧಾನ ಅಂತೆಲ್ಲ ಹೇಳುವವರಿದ್ದಾರೆ, ನಂಬಬೇಡಿ.

2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಜನರಿಗೆ ತೋರಿಸಿಯೇ ಪರೀಕ್ಷೆ ಮಾಡಿದ್ದಾರೆ. ಮಸುಕು ನಿಜವಾದ ದೂರದ ದಿಕ್ಕಿಗೇ ಏರಿದರೆ ದೃಶ್ಯ ಸಣ್ಣದಾಗಿ ಕಾಣುತ್ತದೆ, ಅಡ್ಡಕ್ಕೆ ಏರಿದರೆ ಪರಿಣಾಮ ಬಹಳ ಕಡಿಮೆ ಅಂತ ಅವರು ಕಂಡರು. ಅಂದರೆ ಕೆಲಸ ಮಾಡುವುದು ಬರೀ ಮಸುಕಲ್ಲ, ಮಸುಕು ಮತ್ತು ದೂರ ಹೊಂದಿಕೊಳ್ಳುವುದು.

ನಮ್ಮ ಫೋಟೋಗೆ ಬರೋಣ. ಬಸ್ಸೊಂದು ನಿಂತ ರಸ್ತೆಯ ಜಾಗ ಮೇಲಿನ ಅಂಚಿನಿಂದ 1700 ಪಿಕ್ಸೆಲ್ ಕೆಳಗಿದೆ, ಅದೇ ಫೋಕಸ್ ಗೆರೆ. ಅಲ್ಲಿಂದ ಮೇಲಿನ ಅಂಚಿನ ತನಕ ಗ್ರೇಡಿಯಂಟ್ ಎಳೆದರೆ ಮೇಲಿನ ಅಂಚು ಪೂರ್ತಿ ಬಿಳಿ. ಕೆಳಗಿನ ಅಂಚು 1300 ಪಿಕ್ಸೆಲ್ ದೂರ ಮಾತ್ರ, ಹಾಗಾಗಿ ಅದು ಮುಕ್ಕಾಲು ಬಿಳಿಯಲ್ಲಿ ನಿಲ್ಲುತ್ತದೆ. ಇರಲಿ, ಅದನ್ನು ಎಳೆದು ಪೂರ್ತಿ ಬಿಳಿ ಮಾಡಬೇಡಿ.

ಹಾಗಾದರೆ ಸ್ಪಷ್ಟ ಪಟ್ಟಿಯೇ ಇರುವುದಿಲ್ವಾ ಅಂತ ಕೇಳಬಹುದು. ಇರುತ್ತದೆ, ತಾನಾಗಿ. ಗರಿಷ್ಠ ಮಸುಕು 30 ಪಿಕ್ಸೆಲ್ ಇಟ್ಟರೆ, ಈ ಫೋಟೋವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋನಿನಲ್ಲಿ ನೋಡುವಾಗ ಗೆರೆಯ ಮೇಲೆ ಕೆಳಗೆ ಸುಮಾರು 210 ಪಿಕ್ಸೆಲ್ ತನಕ ಮಸುಕು ಒಂದು ಪಿಕ್ಸೆಲ್ಲಿಗಿಂತ ಕಡಿಮೆ. ಕಣ್ಣಿಗೆ ಅದು ಸ್ಪಷ್ಟವೇ. ಒಟ್ಟು ಚಿತ್ರದ ಏಳರಲ್ಲಿ ಒಂದು ಪಾಲು ಆಯಿತು, ಬಸ್ಸು ಮತ್ತು ಅದರ ಸುತ್ತಲಿನ ಜನ ಹಿಡಿಸಲು ಬೇಕಾದಷ್ಟು.

ಗಿಂಪ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳಿ ಮಾರಾಯ್ರೇ.

ಫೋಟೋ ತೆರೆದು, ಬೇಕಾದಷ್ಟು ಕತ್ತರಿಸಿ, ಓರೆ ಇದ್ದರೆ ಸರಿಮಾಡಿಕೊಳ್ಳಿ. ಇದು ಮೊದಲೇ ಆಗಬೇಕು, ಆಮೇಲೆ ಕತ್ತರಿಸಿದರೆ ಲೆಕ್ಕ ಕೆಡುತ್ತದೆ. Image > Precision ಒಳಗೆ 32-ಬಿಟ್ ಫ್ಲೋಟಿಂಗ್ ಪಾಯಿಂಟ್, ಲೀನಿಯರ್ ಲೈಟ್ ಆರಿಸಿ. ಹಳೇ ಲ್ಯಾಪ್‌ಟಾಪ್ ಆದರೆ 16-ಬಿಟ್ ಸಾಕು.

Shift+Ctrl+D ಒತ್ತಿ ಲೇಯರಿನ ಪ್ರತಿ ಮಾಡಿ. ಮಸುಕು ಹಾಕುವುದು ಈ ಪ್ರತಿಗೆ, ಮೂಲ ಕೆಳಗೆ ಹಾಗೇ ಇರಲಿ.

ಎಲ್ಲದರ ಮೇಲೆ ಒಂದು ಹೊಸ ಖಾಲಿ ಲೇಯರ್ ಮಾಡಿ, ಹೆಸರು «ನಕ್ಷೆ» ಅಂತ ಇಡಿ. ಗ್ರೇಡಿಯಂಟ್ ಟೂಲ್ ಆರಿಸಿ, ಮುಂದಿನ ಬಣ್ಣ ಕಪ್ಪು, ಹಿಂದಿನ ಬಣ್ಣ ಬಿಳಿ, Shape ಜಾಗದಲ್ಲಿ Bi-linear. ಬಸ್ಸಿನ ಚಕ್ರ ನೆಲಕ್ಕೆ ತಾಗುವ ಜಾಗದಿಂದ ಎಳೆಯಲು ಶುರು ಮಾಡಿ ಮೇಲಿನ ಅಂಚಿಗೆ ಬಿಡಿ, ಎಳೆಯುವಾಗ Ctrl ಒತ್ತಿ ಹಿಡಿದರೆ ನೆಟ್ಟಗೆ ಹೋಗುತ್ತದೆ. ನಡುವೆ ಕಪ್ಪು ಗೆರೆ, ಎರಡೂ ಕಡೆ ಬಿಳಿಗೆ ಹೋಗುವ ಚಿತ್ರ ಬರುತ್ತದೆ.

ಈಗ ನಕ್ಷೆ ಲೇಯರಿನ Opacity 50ಕ್ಕೆ ಇಳಿಸಿ. ಕೆಳಗಿನ ಪೇಟೆ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಮುಂದಿನ ಪ್ರಶ್ನೆಯಲ್ಲಿ ಹೇಳಿದ ತಿದ್ದುಪಡಿ ಮಾಡಿ. ತಿದ್ದಿ ಆದ ಮೇಲೆ ನಕ್ಷೆಯ ಕಣ್ಣಿನ ಗುರುತು ಒತ್ತಿ ಅಡಗಿಸಿ. ಪ್ರತಿ ಮಾಡಿದ ಆ ಲೇಯರನ್ನು ಆರಿಸಿ Filters > Blur > Lens Blur ತೆರೆಯಿರಿ. ಅಲ್ಲಿ ಇನ್ನೊಂದು ಲೇಯರನ್ನು ಆರಿಸುವ ಖಾನೆ ಇರುತ್ತದೆ, ಅದರಲ್ಲಿ ನಕ್ಷೆಯನ್ನು ಕೊಡಿ, ಮಸುಕಿನ ಅಳತೆ 30. ದೊಡ್ಡ ಫೋಟೋಗೆ ಇದು ನಿಧಾನ, ಲೆಕ್ಕ ಮುಗಿಯುವ ತನಕ ಸ್ಲೈಡರ್ ಅತ್ತಿತ್ತ ಎಳೆಯಬೇಡಿ.

ಎಲ್ಲ ಮಾಡಿದೆ. ಆದರೆ ಬಸ್ಸಿನ ಪಕ್ಕದ ಕಟ್ಟಡದ ಬುಡ ಸ್ಪಷ್ಟ, ತಲೆ ಮಸುಕು. ವಿಚಿತ್ರ ಕಾಣುತ್ತದೆ.

ಪೇಟೆಯ ಫೋಟೋದಲ್ಲಿ ಇದೇ ದೊಡ್ಡ ತಲೆನೋವು. ಗದ್ದೆಯದ್ದೋ ಮೈದಾನದ್ದೋ ಆದರೆ ಬರುವುದೇ ಇಲ್ಲ.

ಗ್ರೇಡಿಯಂಟ್ ನೆಲದ ದೂರಕ್ಕೆ ಮಾಡಿದ್ದು. ಚಿತ್ರದಲ್ಲಿ ಮೇಲಿದ್ದದ್ದೆಲ್ಲ ದೂರದ್ದು ಅಂತ ಅದು ತಿಳಿದುಕೊಂಡಿದೆ. ಕಟ್ಟಡದ ಗೋಡೆ ಹಾಗಲ್ಲ. ಗೋಡೆಯ ತಲೆ ಚಿತ್ರದಲ್ಲಿ ಮೇಲಿದ್ದರೂ ನಿಮ್ಮಿಂದ ಅದಕ್ಕಿರುವ ದೂರ ಬುಡದಷ್ಟೇ, ಹೆಚ್ಚುಕಡಿಮೆ. ಹಾಗಾಗಿ ನೆಟ್ಟಗೆ ನಿಂತ ಯಾವುದಕ್ಕೂ, ಕಟ್ಟಡ, ಲೈಟು ಕಂಬ, ಮೊಬೈಲ್ ಟವರು, ಮನುಷ್ಯ, ಎಲ್ಲಕ್ಕೂ ನಕ್ಷೆಯಲ್ಲಿ ಒಂದೇ ಬೂದು ಬಣ್ಣ ಬರಬೇಕು. ಯಾವ ಬೂದು? ಅದರ ಬುಡ ನೆಲಕ್ಕೆ ತಾಗುವ ಜಾಗದಲ್ಲಿ ಗ್ರೇಡಿಯಂಟ್ ಯಾವ ಬಣ್ಣ ಇದೆಯೋ ಅದು.

ನಮ್ಮ ಫೋಟೋದಲ್ಲಿ ಬಸ್ಸಿನ ಹಿಂದೆ ಎರಡು ಮಾಳಿಗೆಯ ಒಂದು ಅಂಗಡಿ ಕಟ್ಟಡ. ಬುಡ 1650ರಲ್ಲಿ, ತಲೆ 700ರಲ್ಲಿ. ತಿದ್ದದೆ ಬಿಟ್ಟರೆ ಬುಡಕ್ಕೆ ಒಂದು ಪಿಕ್ಸೆಲ್ಲಿಗಿಂತ ಕಡಿಮೆ ಮಸುಕು, ತಲೆಗೆ ಸುಮಾರು 18 ಪಿಕ್ಸೆಲ್. ಒಂದೇ ಗೋಡೆಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ಕಟ್ಟಡ ಹಿಂದಕ್ಕೆ ಮಲಗಿದ ಹಾಗೆ ಅನಿಸುತ್ತದೆ.

ತಿದ್ದುವುದು ಹೀಗೆ. ಮೊದಲು ಬಣ್ಣ ಹೆಕ್ಕುವ ಟೂಲಿನಲ್ಲಿ Sample merged ಗುರುತನ್ನು ತೆಗೆಯಿರಿ. ಇಲ್ಲದಿದ್ದರೆ ಅದು ನಕ್ಷೆಯ ಜತೆ ಕೆಳಗಿನ ಫೋಟೋದ ಬಣ್ಣವನ್ನೂ ಸೇರಿಸಿ ಹೆಕ್ಕುತ್ತದೆ, ಬೂದು ತಪ್ಪುತ್ತದೆ. ನಕ್ಷೆ ಲೇಯರ್ ಆರಿಸಿ ಕಟ್ಟಡದ ಬುಡದಲ್ಲಿ ಒತ್ತಿ. ಆಮೇಲೆ ಫ್ರೀ ಸೆಲೆಕ್ಟ್ ಟೂಲಿನಿಂದ ಕಟ್ಟಡದ ಹೊರಗೆರೆ ಹಿಡಿದು ಮೂಲೆ ಮೂಲೆಗೆ ಒತ್ತುತ್ತಾ ಸುತ್ತಿ ಬನ್ನಿ, 2 ಪಿಕ್ಸೆಲ್ ಫೆದರ್ ಕೊಡಿ, ಆ ಬಣ್ಣ ತುಂಬಿ. ಒಂದು ಕಟ್ಟಡ ಮುಗಿಯಿತು.

ಎಲ್ಲ ಕಟ್ಟಡಕ್ಕೂ ಇದನ್ನು ಮಾಡಬೇಕಾ? ಬೇಡ. ಬುಡವೇ ಚೆನ್ನಾಗಿ ಮಸುಕಿನಲ್ಲಿ ಇರುವ ದೂರದ ಕಟ್ಟಡಗಳನ್ನು ಹಾಗೇ ಬಿಡಿ, 22 ಪಿಕ್ಸೆಲ್ಲಿಗೂ 28ಕ್ಕೂ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಫೋಕಸ್ ಗೆರೆಯ ಹತ್ತಿರ ಬುಡ ಇರುವವು, ಮತ್ತು ಕೆಳಗಿನ ಮಸುಕಿನಲ್ಲಿ ಬುಡ ಇದ್ದು ತಲೆ ಸ್ಪಷ್ಟ ಪಟ್ಟಿಗೆ ಚಾಚಿದವು, ಇವೆರಡು ಜಾತಿಯವನ್ನು ಮಾತ್ರ ತಿದ್ದಿ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಹತ್ತಿರದ ಕಂಬದ ತುದಿ ಬಸ್ಸಿನ ಮುಂದೆ ಬಂದಿರುತ್ತದೆ, ಬುಡ ಮಸುಕು, ತುದಿ ಚೂಪು.

ತೆಂಗಿನ ಮರ? ಒಂದೊಂದು ಗರಿಯನ್ನೂ ಸೆಲೆಕ್ಟ್ ಮಾಡಬೇಕಾ?

ನಮ್ಮ ಊರಿನ ಫೋಟೋದಲ್ಲಿ ತೆಂಗಿನ ಮರ ತಪ್ಪಿಸಲು ಎಲ್ಲಿ ಆಗುತ್ತದೆ! ಗರಿ ಗರಿ ಹಿಡಿಯುವುದು ಬೇಡ. ಮಂಡೆಯ ಸುತ್ತ ದೊಡ್ಡ ಮೃದು ಬ್ರಷ್‌ನಿಂದ ಬುಡದ ಬೂದು ಬಣ್ಣ ಬಳಿಯಿರಿ. ಗರಿಗಳ ಸಂದಿಯಲ್ಲಿ ಕಾಣುವ ಹಿಂದಿನ ದೃಶ್ಯವೂ ಜತೆಗೆ ಸ್ಪಷ್ಟ ಉಳಿಯುತ್ತದೆ, ಹಿಂದೆ ಬರೀ ಹಸಿರು ಇದ್ದರೆ ಅದು ಗೊತ್ತಾಗುವುದಿಲ್ಲ. ಹಿಂದೆ ಬಿಳಿ ಗೋಡೆಯೋ ಬೋರ್ಡೋ ಇದ್ದರೆ ಗೊತ್ತಾಗುತ್ತದೆ. ಆಗ ಫೋಕಸ್ ಗೆರೆಯನ್ನೇ ಸ್ವಲ್ಪ ಜರುಗಿಸಿ ಮರದ ಬುಡವನ್ನು ಮಸುಕಿಗೆ ತಳ್ಳುವುದು ಜಾಣತನ.

ಹೆದ್ದಾರಿಯ ಮೇಲ್ಸೇತುವೆ ಫೋಟೋದಲ್ಲಿ ಬಂದರೆ?

ಹೊಸ ಬಸ್ ನಿಲ್ದಾಣದ ಹತ್ತಿರ ಯಾವ ಟೆರೇಸ್ ಹತ್ತಿದರೂ ಅದು ಬರುತ್ತದೆ, ಮತ್ತು ಅದರ ಮೇಲೆ ಸಾಲಾಗಿ ಹೋಗುವ ಲಾರಿಗಳು ಆಟಿಕೆಯ ಹಾಗೆ ಕಾಣಲು ಬಹಳ ಒಳ್ಳೆಯವು. ನಿಯಮ ಅದೇ, ಸೇತುವೆಯ ಮೇಲ್ಮೈಗೆ ಅದರ ಕೆಳಗಿನ ಕಂಬದ ಬುಡದ ಬಣ್ಣ. ಸೇತುವೆ ಎಡದಿಂದ ಬಲಕ್ಕೆ ಅಡ್ಡ ಹೋಗಿದ್ದರೆ ಪೂರ್ತಿಗೆ ಒಂದೇ ಬೂದು ಸಾಕು. ನಿಮ್ಮಿಂದ ದೂರಕ್ಕೆ ಓರೆಯಾಗಿ ಹೋಗಿದ್ದರೆ ಕಂಬಕ್ಕೊಂದು ಬಣ್ಣ ಬರುತ್ತದೆ. ಆಗ ಸೇತುವೆಯನ್ನು ಸೆಲೆಕ್ಟ್ ಮಾಡಿ, ಹತ್ತಿರದ ಕಂಬದ ಬುಡದ ಬಣ್ಣದಿಂದ ದೂರದ ಕಂಬದ ಬುಡದ ಬಣ್ಣಕ್ಕೆ ಅದರ ಉದ್ದಕ್ಕೂ ಇನ್ನೊಂದು ಸಾದಾ ಗ್ರೇಡಿಯಂಟ್ ಎಳೆಯಿರಿ. ಆ ಎರಡು ಕಂಬಗಳ ನಡುವೆ ಫೋಕಸ್ ಗೆರೆ ಬಂದಿದ್ದರೆ ಎರಡು ತುಂಡಾಗಿ ಮಾಡಿ, ಬೂದಿನಿಂದ ಕಪ್ಪಿಗೆ ಒಂದು, ಕಪ್ಪಿನಿಂದ ಬೂದಿಗೆ ಇನ್ನೊಂದು.

ಕೆಳಗೆ ನಮ್ಮದೇ ಟೆರೇಸಿನ ಗೋಡೆ, ನೀರಿನ ಟ್ಯಾಂಕಿ ಬಂದಿದೆ.

ಆದಷ್ಟು ಕತ್ತರಿಸಿ ಬಿಡಿ. ಕೈಗೆಟುಕುವ ಗೋಡೆಗೂ ಅದರ ಅಂಚಿನಾಚೆ ಕಾಣುವ ರಸ್ತೆಗೂ ದೂರ ಒಮ್ಮೆಗೇ ಹಾರುತ್ತದೆ, ಗ್ರೇಡಿಯಂಟ್ ಮಾತ್ರ ನಯವಾಗಿ ಹೋಗುತ್ತದೆ. ಕತ್ತರಿಸಲು ಆಗದಿದ್ದರೆ ಗೋಡೆಯನ್ನು ಸೆಲೆಕ್ಟ್ ಮಾಡಿ ಪೂರ್ತಿ ಬಿಳಿ ತುಂಬಿ.

ಸ್ಪಷ್ಟ ಕಟ್ಟಡದ ಅಂಚಿನಲ್ಲಿ ಬೆಳಕಿನ ಬಳೆಯ ಹಾಗೆ ಏನೋ ಬಂದಿದೆ. ಅದು ಎಂತ?

ಕಟ್ಟಡ ಸ್ಪಷ್ಟ, ಅದರ ಹಿಂದಿನದು ಮಸುಕು, ಎರಡರ ಬಣ್ಣ ಅಂಚಿನಲ್ಲಿ ಕಲೆಸಿದೆ. ಗೌಸಿಯನ್ ಆದರೆ ಕಟ್ಟಡದ ಬಣ್ಣ ಹೊರಗೆ ಸೋರಿ ಹಿಂದೆ ಒಂದು ನೆರಳು ಮಾಡುತ್ತದೆ. Lens Blur ಆದರೆ ಹಿಂದಿನ ಹೊಳಪು ಒಳಗೆ ಬಂದು ಕಟ್ಟಡದ ಅಂಚನ್ನು ತಿನ್ನುತ್ತದೆ. ಕೆಂಪು ಹಂಚಿನ ಮಾಡಿನ ಹಿಂದೆ ಬಿಸಿಲು ಬಿದ್ದ ಬಿಳಿ ಗೋಡೆ ಇದ್ದರೆ ಇದು ಖಂಡಿತ ಕಾಣುತ್ತದೆ.

ಮಾಡಬೇಕಾದ್ದು, ಕಟ್ಟಡವನ್ನೂ ಹಿನ್ನೆಲೆಯನ್ನೂ ಬೇರೆ ಬೇರೆ ಮಾಡುವುದು. ನಕ್ಷೆಗೆ ಮಾಡಿದ ಅದೇ ಸೆಲೆಕ್ಷನ್ ಇಟ್ಟುಕೊಂಡು ಮೂಲ ಫೋಟೋದಿಂದ ಕಟ್ಟಡವನ್ನು ಹೊಸ ಲೇಯರಿಗೆ ಕಾಪಿ ಮಾಡಿ. ಮಸುಕು ಹಾಕುವ ಪ್ರತಿಯಲ್ಲಿ, ಮಸುಕು ಹಾಕುವ ಮೊದಲೇ, ಕ್ಲೋನ್ ಟೂಲಿನಿಂದ ಕಟ್ಟಡದ ಅಂಚಿನ ಒಳಗೆ 40 ಪಿಕ್ಸೆಲ್ ಅಗಲಕ್ಕೆ ಹಿಂದಿನ ದೃಶ್ಯವನ್ನು ಎಳೆದು ಬಳಿಯಿರಿ. ನೋಡಲು ಅಸಹ್ಯವಾದರೂ ಪರವಾಗಿಲ್ಲ, ಅದು ಯಾರಿಗೂ ಕಾಣುವ ಜಾಗ ಅಲ್ಲ. ನಕ್ಷೆಯಲ್ಲಿಯೂ ಆ ಕಟ್ಟಡದ ತಿದ್ದುಪಡಿ ಆಗ ಬೇಡ, ಬರೀ ಗ್ರೇಡಿಯಂಟ್ ಸಾಕು. Lens Blur ಹಾಕಿ, ಮೇಲೆ ಸ್ಪಷ್ಟ ಕಟ್ಟಡದ ಲೇಯರ್ ಕೂರಿಸಿ. ಅಂಚು ಶುದ್ಧವಾಗಿ ಬರುತ್ತದೆ. ಫೋಕಸ್ ಗೆರೆಯ ಹತ್ತಿರ ಇರುವ ಒಂದೋ ಎರಡೋ ಎತ್ತರದ ಕಟ್ಟಡಕ್ಕೆ ಮಾತ್ರ ಇಷ್ಟು ಕಷ್ಟಪಡಿ.

30 ಪಿಕ್ಸೆಲ್ ಎಲ್ಲ ಫೋಟೋಗೂ ಸರಿಯಾ?

ಅಲ್ಲ. ಚಿತ್ರದ ಎತ್ತರದ ನೂರರಲ್ಲಿ ಒಂದು ಪಾಲಿನಿಂದ ಶುರು ಮಾಡಿ. 3000 ಪಿಕ್ಸೆಲ್ ಎತ್ತರಕ್ಕೆ 30, 1500ಕ್ಕೆ 15. ಮೇಲಿನ ಅಂಚಿನ ಕಟ್ಟಡ ಕಟ್ಟಡ ಅಂತ ಗೊತ್ತಾಗಬೇಕು, ಕಿಟಕಿ ಎಣಿಸಲು ಆಗಬಾರದು, ಅಷ್ಟಕ್ಕೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಹೋದರೆ ಬರೀ ಬಣ್ಣದ ಗುಡ್ಡೆ, ಊರು ಎಲ್ಲಿ ಅಂತ ಹುಡುಕಬೇಕು.

ಬಣ್ಣ ಎಷ್ಟು ಏರಿಸಬೇಕು?

ಮಾದರಿಗಳಿಗೆ ಹಚ್ಚುವ ಪೇಂಟು ಗಾಢ, ಅದಕ್ಕೇ ಸ್ಯಾಚುರೇಶನ್ ಏರಿಸುವುದು. ಮೂಲದ ಕಾಲು ಪಾಲಿನಷ್ಟು ಏರಿಸಿದರೆ ಸಾಕು, ಕರ್ವ್ಸ್‌ನಲ್ಲಿ ಕಾಂಟ್ರಾಸ್ಟ್ ಸ್ವಲ್ಪ. ಕಪ್ಪು-ಹಳದಿ ಆಟೋ, ಕೆಂಪು ಹಂಚು, ನೀಲಿ ಟಾರ್ಪಾಲು ಇವೆಲ್ಲ ಚೆನ್ನಾಗಿ ಎದ್ದು ಕಾಣುತ್ತವೆ. ಹಸಿರನ್ನು ಮಾತ್ರ ಕಾಯಬೇಕು. ನಮ್ಮ ಕಡೆಯ ಹಸಿರು ಮೊದಲೇ ಜಾಸ್ತಿ, ಎಲ್ಲದರ ಜತೆ ಅದನ್ನೂ ಏರಿಸಿದರೆ ಪ್ಲಾಸ್ಟಿಕ್ ಹೂದಾನಿಯ ಬಣ್ಣ ಬರುತ್ತದೆ. Hue-Saturationನಲ್ಲಿ ಹಸಿರನ್ನು ಬೇರೆಯಾಗಿ ಆರಿಸಿ ಸ್ವಲ್ಪ ಇಳಿಸಿ. ಇದೆಲ್ಲ ಮಸುಕಿನ ಮೊದಲೇ ಮಾಡಿ, ಹೊಳಪಿನ ಜಾಗಗಳು ಸರಿಯಾಗಿ ಅರಳುತ್ತವೆ.

ಮಸುಕಾದ ಭಾಗ ತೀರಾ ನುಣುಪು, ಸ್ಪಷ್ಟ ಭಾಗ ಕಾಳು ಕಾಳು.

ಮೊಬೈಲ್ ಫೋಟೋದ ನಾಯ್ಸ್ ಸ್ಪಷ್ಟ ಭಾಗದಲ್ಲಿ ಉಳಿದಿದೆ, ಉಳಿದ ಕಡೆ ಮಸುಕು ಅದನ್ನು ಒರೆಸಿ ಹಾಕಿದೆ. ಕೊನೆಯಲ್ಲಿ Filters > Noise ಒಳಗಿನ RGB Noise ಬಹಳ ಕಡಿಮೆ ಇಟ್ಟು ಮಸುಕು ಲೇಯರಿಗೆ ಹಾಕಿ. ಬಿಳಿ ಗೋಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಬಣ್ಣದ ಪಟ್ಟಿಗಳಿದ್ದರೂ ಇದರಿಂದಲೇ ಹೋಗುತ್ತದೆ.

ಕಂಪ್ಯೂಟರ್ ಇಲ್ಲ. ಫೋನಿನಲ್ಲಿ ಆಗುತ್ತದಾ?

ಸ್ನ್ಯಾಪ್‌ಸೀಡ್‌ನ Lens Blur ಸಾಕಷ್ಟು ಕೆಲಸ ಮಾಡುತ್ತದೆ. ದುಂಡು ಬೇಡ, ಉದ್ದ ಪಟ್ಟಿಯ ಆಕಾರ ಆರಿಸಿ, ಎರಡು ಬೆರಳಿನಿಂದ ಪಟ್ಟಿಯನ್ನು ಆದಷ್ಟು ಸಣ್ಣ ಮಾಡಿ, Transition ಪೂರ್ತಿ ಏರಿಸಿ. ಅಗಲ ಪಟ್ಟಿ ಇಲ್ಲದೆ ನಿಧಾನಕ್ಕೆ ಏರುವ ಇಳಿಜಾರು ಆಗ ಸಿಗುತ್ತದೆ. ಅದರಲ್ಲಿ ವಿನ್ಯೆಟ್ ತಾನಾಗಿ ಸೇರಿಕೊಂಡಿರುತ್ತದೆ, ಸೊನ್ನೆ ಮಾಡಿ. ಎತ್ತರದ ಕಟ್ಟಡಕ್ಕೆ, ಮಾಡಿದ ಎಡಿಟ್‌ಗಳ ಪಟ್ಟಿ ತೆರೆದು Lens Blur ಹಂತದ ಬ್ರಷ್ ಆರಿಸಿ, ಕಟ್ಟಡ ಬಿಟ್ಟು ಉಳಿದ ಕಡೆ ಬಳಿಯಬಹುದು. ಬೆರಳಿನಲ್ಲಿ ಅಂಚು ಹಿಡಿಯುವುದು ಕಷ್ಟ, ಝೂಮ್ ಮಾಡಿಕೊಂಡು ಮಾಡಿ.

ಫೋನಿನ ಪೋರ್ಟ್ರೇಟ್ ಮೋಡ್ ಇದಕ್ಕೆ ಆಗದು. ಮೂವತ್ತು ಮೀಟರ್ ಆಚೆಗಿನ ರಸ್ತೆಯಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ರಾತ್ರಿ ಪೇಟೆ?

ಆಗುತ್ತದೆ, ಆದರೆ Lens Blur ಬೇಕೇ ಬೇಕು, ಗೌಸಿಯನ್‌ನಲ್ಲಿ ದೀಪಗಳು ಬರೀ ಮಂಕಾಗುತ್ತವೆ. ಓಡುವ ವಾಹನದ ದೀಪ ಉದ್ದ ಗೆರೆಯಾಗಿ ಬಂದಿದ್ದರೆ ಆ ಫೋಟೋ ಬಿಡಿ, ಆಟಿಕೆ ಕಾರು ಓಡುವುದಿಲ್ಲ.

ಸರಿಯಾಗಿದೆಯಾ ಅಂತ ನೋಡುವುದು ಹೇಗೆ?

ಫೋಟೋವನ್ನು ಹೆಬ್ಬೆಟ್ಟಿನ ಗಾತ್ರಕ್ಕೆ ಇಳಿಸಿ ನೋಡಿ. ಆಗಲೂ ಆಟಿಕೆ ಅನಿಸಿದರೆ ಗ್ರೇಡಿಯಂಟ್ ಸರಿ ಇದೆ. ಆಮೇಲೆ ಪೂರ್ತಿ ಗಾತ್ರದಲ್ಲಿ ಫೋಕಸ್ ಗೆರೆಯ ಮೇಲೆ ಎಡದಿಂದ ಬಲಕ್ಕೆ ಒಂದು ಸಲ ಹೋಗಿ, ನೆಟ್ಟಗೆ ನಿಂತದ್ದರ ಬುಡ ಮತ್ತು ತಲೆ ಎರಡನ್ನೂ ನೋಡಿ. ಮಸುಕಿನ ಭಾಗದಲ್ಲಿ ಅಕ್ಷರ ಚೂಪಾಗಿ ಓದಲು ಬರುತ್ತಿದ್ದರೆ ನಕ್ಷೆ ಕೊಡಲು ಮರೆತು ಮಾಸ್ಕ್ ಹಾಕಿದ್ದೀರಿ ಅಂತ ಅರ್ಥ.

ವಾಟ್ಸಾಪ್‌ನಲ್ಲಿ ಕಳಿಸಿದರೆ ಕೆಟ್ಟು ಹೋಗುತ್ತದೆ.

ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸುತ್ತದೆ, ನುಣುಪು ಭಾಗಗಳಲ್ಲಿ ಚೌಕ ಚೌಕ ಬರುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ನೀವೇ ಮೊದಲೇ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, JPEG ಗುಣಮಟ್ಟ 90 ಇಟ್ಟು ಎಕ್ಸ್‌ಪೋರ್ಟ್ ಮಾಡಿಕೊಂಡರೂ ಆಗುತ್ತದೆ, ಆದರೆ ಗಿಂಪ್‌ನ XCF ಫೈಲನ್ನು ನಕ್ಷೆ ಲೇಯರ್ ಸಮೇತ ಇಟ್ಟುಕೊಳ್ಳಿ. ಅದೇ ಜಾಗದಲ್ಲಿ ಟ್ರೈಪಾಡ್ ಇಟ್ಟು ತೆಗೆದ ಬೇರೆ ಫೋಟೋಗಳಿದ್ದರೆ ಅವಕ್ಕೂ ಅದೇ ನಕ್ಷೆ ಸಾಕು, ಪುನಃ ಕಟ್ಟಡ ಸುತ್ತುತ್ತಾ ಕೂರಬೇಕಾಗಿಲ್ಲ.